ಗುರುವಾರ ಕರೆಂಟ್ ಇರುವುದಿಲ್ಲ

ಗುರುವಾರ ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ನಮ್ಮ ಬಡಾವಣೆಯಲ್ಲಿ ವಿದ್ಯುತ್ ಇರುವುದಿಲ್ಲವೆಂಬ ಪ್ರಕಟಣೆ ಬಂದಿರುವುದರಿಂದ, ಮನೆಯಿಂದ ಕೆಲಸ ಮಾಡುವ ನಾನು ಮ್ಯಾನೇಜರ್‌ಗೆ ಇಂದೇ ಇಮೇಲ್ ಬರೆದೆ.

‘ಕೆಲಸಕ್ಕೆ ತೊಂದರೆಯಾಗಬಹುದು’ ಎಂದಷ್ಟೇ ಬರೆದರೆ ಅವರು ಏನನ್ನೂ ನಿರ್ಧರಿಸಲಾರರು. ಹಾಗಾಗಿ, ‘ಅಂದು ಬೆಳಿಗ್ಗೆ 6.30ರಿಂದ 9.30ರವರೆಗೆ, ಮತ್ತೆ ಸಂಜೆ 4.30ರಿಂದ ರಾತ್ರಿ 9.30ರವರೆಗೆ, ಒಟ್ಟು 8 ಗಂಟೆ ಕೆಲಸ ಮಾಡಲು ತಮ್ಮ ಒಪ್ಪಿಗೆ ಕೋರುತ್ತೇನೆ’ ಎಂದು ಮೊದಲ ಸಾಲಿನಲ್ಲೇ ಬರೆದೆ. 11 ಗಂಟೆಯ ಮೀಟಿಂಗ್‌ಗೆ ಬರಲಾಗದು, ನನ್ನ ವರದಿಯನ್ನು 9ರೊಳಗೆ ಕಳುಹಿಸುತ್ತೇನೆ ಎಂದೂ ಸೇರಿಸಿದೆ.

ಲ್ಯಾಪ್‌ಟಾಪ್‌ನ ಬ್ಯಾಟರಿ ಕೆಲವು ಗಂಟೆ ಬರುತ್ತದೆ ನಿಜ, ಆದರೆ ಕರೆಂಟ್ ಹೋದ ಕ್ಷಣವೇ ರೌಟರ್ ನಿಲ್ಲುತ್ತದೆ; ಚಿಕ್ಕ ಯುಪಿಎಸ್ ಇಟ್ಟು ಅದನ್ನು ಉಳಿಸಿಕೊಂಡರೂ, ಬೀದಿಯಲ್ಲಿರುವ ಇಂಟರ್ನೆಟ್ ಸಂಸ್ಥೆಯ ಉಪಕರಣಕ್ಕೂ ವಿದ್ಯುತ್ ಬೇಕು. ರೌಟರ್‌ನ ವೈಫೈ ದೀಪ ಹಸಿರಾಗಿದ್ದು, ಇಂಟರ್ನೆಟ್ ದೀಪ ಮಾತ್ರ ಕೆಂಪಾದರೆ ತೊಂದರೆ ಸಾಮಾನ್ಯವಾಗಿ ಹೊರಗಿರುತ್ತದೆ. ಇಡೀ ಬಡಾವಣೆ ಮೊಬೈಲ್ ಡೇಟಾದತ್ತ ತಿರುಗಿದಾಗ ವೇಗ ಕುಸಿಯುತ್ತದೆ. ಆದ್ದರಿಂದ ಫೋನಿನ ಹಾಟ್‌ಸ್ಪಾಟ್ ನೆಚ್ಚಿಕೊಂಡು ವಿಡಿಯೊ ಕರೆಗೆ ಮಾತು ಕೊಡುವುದು ನನಗೆ ಸರಿಯೆನಿಸಲಿಲ್ಲ.

ಕಾಮಗಾರಿ ತಡವಾಗುವುದೂ ಉಂಟು. 4.30ಕ್ಕೂ ಕರೆಂಟ್ ಬಾರದಿದ್ದರೆ 4.45ರೊಳಗೆ ಫೋನ್ ಮಾಡಿ, ಉಳಿದ 5 ಗಂಟೆಗಳಿಗೆ ಅರ್ಧ ದಿನದ ರಜೆ ಹಾಕಬೇಕೇ ಎಂದು ಕೇಳುವುದಾಗಿ ಬರೆದಿದ್ದೇನೆ. ಉತ್ತರ ಬಂದ ಮೇಲೆ ತಂಡದ ಕ್ಯಾಲೆಂಡರ್‌ನಲ್ಲಿ ಹೊಸ ವೇಳೆಯನ್ನು ಗುರುತು ಹಾಕುತ್ತೇನೆ.