ಭಾನುವಾರದ ಕೋಳಿ ಸಾರು: ಪೀಸ್ ಬೆಂದಿರ್ಬೇಕು, ನಾರಾಗ್ಬಾರ್ದು (ಐದು ವಾರದ ಲೆಕ್ಕ)

ಶುರು ಮಾಡಿದ್ದು ಯಾಕೆ ಅಂದ್ರೆ, ನಾನು ಮಾಡೋ ಕೋಳಿ ಸಾರಲ್ಲಿ ಸಾರು ಚೆನ್ನಾಗಿರತ್ತೆ, ಕೋಳಿ ಚೆನ್ನಾಗಿರಲ್ಲ. ಮುದ್ದೆ ಜೊತೆ ಸಾರು ಎರಡು ಸಲ ಹಾಕಿಸ್ಕೊಂಡು ಪೀಸ್ ಮಾತ್ರ ತಟ್ಟೆ ಅಂಚಿಗೆ ಸರಿಸಿಡ್ತಾರೆ ನನ್ ರೂಮ್‌ಮೇಟ್ಸು, ಬಾಯಲ್ಲಿ ಏನೂ ಹೇಳಲ್ಲ, ಅದು ಇನ್ನೂ ಕೋಪ ಬರ್ಸತ್ತೆ. ಎದೆ ಭಾಗ ತೆಂಗಿನ ನಾರು ಥರ ಹಲ್ಲಿಗೆ ಸಿಕ್ಕೊಳ್ಳತ್ತೆ. ಒಂದ್ ವಾರ ಅದಕ್ಕೆ ಹೆದರಿ ಹನ್ನೆರಡು ನಿಮಿಷಕ್ಕೇ ಸ್ಟವ್ ಆಫ್ ಮಾಡ್ದೆ, ಲೆಗ್ ಪೀಸ್ ಕಚ್ಚಿದ್ರೆ ಮೂಳೆ ಪಕ್ಕ ಹಸಿ ಹಸಿ. ಹಂಗಾಗಿ ಇನ್ಮೇಲೆ ಕಣ್ಣಂದಾಜು ಬೇಡ, ಬರ್ದಿಟ್ಕೊಂಡು ಮಾಡೋಣ ಅಂತ.

ಪ್ರತಿ ವಾರ ಒಂದೇ ಥರ: ಒಂದು ಕೆಜಿ ಬ್ರಾಯ್ಲರ್, ವಿತೌಟ್ ಸ್ಕಿನ್, ಕರ್ರಿ ಕಟ್, ಹದಿಮೂರು ಹದಿನಾಲ್ಕು ಪೀಸು. ಉಪ್ಪು ಅರಿಶಿನ ಎರಡು ಚಮಚ ಮೊಸರು ಹಾಕಿ ಅರ್ಧ ಗಂಟೆ. ಮಸಾಲೆ ನಮ್ಮೂರ್ ಕಡೇದು, ಮಂಡ್ಯ ಕಡೆ ಮಾಡೋ ಥರ: ಈರುಳ್ಳಿ, ಶುಂಠಿ ಬೆಳ್ಳುಳ್ಳಿ, ಕೊತ್ತಂಬರಿ ಪುದೀನ, ಚಕ್ಕೆ ಲವಂಗ, ಧನಿಯಾ ಖಾರದ ಪುಡಿ, ಕಾಯಿ, ಸ್ವಲ್ಪ ಹುರಿಗಡಲೆ.

ಮೊದಲ್ನೇ ವಾರ

ಏನೂ ಬದಲಾಯಿಸ್ದೆ, ಯಾವಾಗ್ಲೂ ಮಾಡೋ ಥರಾನೇ ಮಾಡ್ದೆ. ಒಗ್ಗರಣೆ, ಎಲ್ಲಾ ಪೀಸು ಒಟ್ಟಿಗೆ, ರುಬ್ಬಿದ ಮಸಾಲೆ, ನೀರು. ಕುದಿ ಬಂದ ಮೇಲೆ ಟೈಮರ್ ಹಾಕಿ, ಆಗಾಗ ಒಂದು ಎದೆ ಪೀಸು ಒಂದು ಕಾಲಿನ ಪೀಸು ಸ್ಟೀಲ್ ತಟ್ಟೆಗೆ ತೆಗ್ದು ಕತ್ತರಿಸಿ ನೋಡೋದು, ಹಸಿ ಇದ್ರೆ ವಾಪಸ್ ಪಾತ್ರೆಗೆ.

ಹತ್ತು ನಿಮಿಷಕ್ಕೆ ಎದೆ ಪೀಸಿನ ಸುತ್ತ ಬೆಳ್ಳಗಾಗಿ ನಡುವೆ ಮಾತ್ರ ಒಂಚೂರು ತಾಟಿನುಂಗು ಥರ ಗಾಜು ಗಾಜಾಗಿತ್ತು. ಕಾಲು ಮೂಳೆ ಹತ್ರ ಪೂರ್ತಿ ಹಸಿ. ಹದಿನೈದಕ್ಕೆ ಎದೆ ಪರ್ಫೆಕ್ಟು, ಸೌಟಿನ ಅಂಚಲ್ಲಿ ಒತ್ತಿದ್ರೆ ಬಿಟ್ಕೊಂಡು ಒಳಗೆ ಒದ್ದೆ ಹೊಳಪು. ಕಾಲು ಆಗ್ಲೂ ಬಣ್ಣ ತಿರುಗಿತ್ತು ಅಷ್ಟೇ, ಮಾಂಸ ಮೂಳೆಗೆ ಅಂಟ್ಕೊಂಡು ಎಳೆದ್ರೂ ಬರ್ತಿರ್ಲಿಲ್ಲ. ಇಪ್ಪತ್ತೈದಕ್ಕೆ ಕಾಲು ಸರಿಹೋಯ್ತು, ಅಷ್ಟೊತ್ತಿಗೆ ಎದೆ ಒಣಗೋಕೆ ಶುರು. ನಾನು ಮಾಮೂಲಿ ಆಫ್ ಮಾಡೋದು ಮೂವತ್ತೈದು ನಿಮಿಷಕ್ಕೆ. ಆಗ ಎದೆ ಪೀಸ್ ಬಿಡಿಸಿದ್ರೆ ನೂಲು.

ಅಂದ್ರೆ ಒಂದೇ ಪಾತ್ರೇಲಿ ಹತ್ತು ನಿಮಿಷದಷ್ಟು ವ್ಯತ್ಯಾಸ ಇರೋ ಎರಡು ಅಡುಗೆ ನಡೀತಿದೆ, ನಾನು ಇಷ್ಟು ವರ್ಷ ಒಂದೇ ಅಂದ್ಕೊಂಡಿದ್ದೆ. ಕಾಲಿನ ಮಾಂಸ ಓಡಾಡೋ ಮಾಂಸ, ಅದ್ರಲ್ಲಿ ನರ, ಅಂಟು ಜಾಸ್ತಿ, ಆ ಅಂಟು ಕರಗಿ ಮೆತ್ತಗಾಗೋಕೆ ಟೈಮ್ ಬೇಕು. ಎದೇಲಿ ಆ ಥರ ಕರಗೋದು ಏನೂ ಇಲ್ಲ, ಬೆಂದ್ಮೇಲೂ ಕುದಿಸ್ತಾ ಇದ್ರೆ ಒಳಗಿನ ನೀರು ಹಿಂಡಿ ಹೊರಗೆ ಹೋಗತ್ತೆ ಅಷ್ಟೇ. ಸಾರಲ್ಲೇ ಮುಳುಗಿದ್ರೂ ಒಣಗತ್ತೆ, ಇದು ನಂಗೆ ತುಂಬಾ ದಿನ ತಲೆಗೆ ಹೋಗಿರ್ಲಿಲ್ಲ.

ಎರಡ್ನೇ ವಾರ

ಚುಚ್ಚಿ ನೋಡೋ ಡಿಜಿಟಲ್ ಥರ್ಮಾಮೀಟರ್ ತಗೊಂಡೆ. ಬಂದ ತಕ್ಷಣ ಕುದಿಯೋ ನೀರಲ್ಲಿಟ್ರೆ 97 ತೋರಿಸ್ತು, ನೂರು ಬರ್ಬೇಕಲ್ವಾ, ಡೂಪ್ಲಿಕೇಟ್ ಕೊಟ್ರು ಅಂತ ರಿಟರ್ನ್ ಹಾಕೋಕೆ ಹೋಗಿದ್ದೆ. ಆಮೇಲೆ ಹೊಳೀತು, ಬೆಂಗಳೂರು ಸಮುದ್ರ ಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯೋದೇ 97ರ ಆಸುಪಾಸಲ್ಲಿ. ಪಾಪ ಮೀಟರ್ ಸರಿಯಾಗೇ ಇತ್ತು.

ಕೋಳಿಗೆ ಸೇಫ್ ಅನ್ನೋ ಲೆಕ್ಕ 74 ಡಿಗ್ರಿ, ಪೀಸಿನ ದಪ್ಪ ಭಾಗದ ನಟ್ಟ ನಡುವೆ, ಮುಳ್ಳು ಮೂಳೆಗೆ ತಾಗ್ದೆ ಇರೋ ಥರ. ತಾಗಿದ್ರೆ ತೋರಿಸೋದು ಮೂಳೆ ಲೆಕ್ಕ, ಮಾಂಸದ್ದಲ್ಲ. ಎದೆ ಪೀಸು 75 ದಾಟಿದ ಹಾಗೇ ತೆಗೆದ್ರೆ ರಸವತ್ತಾಗಿರತ್ತೆ. ಕಾಲು 75ಕ್ಕೆ ಸೇಫ್ ಆಗಿರತ್ತೆ, ಆದ್ರೆ ತಿನ್ನೋಕೆ ರಬ್ಬರು. 85 ದಾಟ್ಲಿ, ಆಮೇಲೆ ನೋಡಿ. ಬೆಂದಿದೆ ಅನ್ನೋದು ಬೇರೆ, ಮೆತ್ತಗಾಗಿದೆ ಅನ್ನೋದು ಬೇರೆ ಅಂತ ಆವತ್ತು ಅರ್ಥ ಆಯ್ತು.

ಆ ವಾರದ್ದೇ ಇನ್ನೊಂದು ಗಾಬರಿ. ಇಪ್ಪತ್ತೈದು ನಿಮಿಷ ಬೆಂದ ಲೆಗ್ ಪೀಸ್ ಬಿಡಿಸಿದ್ರೆ ಮೂಳೆ ಪಕ್ಕ ಕಡು ಕೆಂಪು. ರೂಮ್‌ಮೇಟ್ ಒಬ್ಬ ನೋಡಿ "ಲೋ ಇದು ಹಸಿ ಕಣೋ, ಇನ್ನೂ ಹತ್ನಿಮಿಷ ಬೇಯ್ಸು" ಅಂದ. ಮೀಟರ್ ಚುಚ್ಚಿದ್ರೆ 86. ಬ್ರಾಯ್ಲರ್ ಕೋಳಿ ಕಟ್ ಆಗೋದೇ ಆರೇಳು ವಾರದೊಳಗೆ, ಮೂಳೆ ಇನ್ನೂ ಪೂರ್ತಿ ಗಟ್ಟಿಯಾಗಿರಲ್ಲ, ಒಳಗಿನ ಮಜ್ಜೆ ಬಣ್ಣ ಹೊರಗೆ ಜಿನುಗಿ ಪಕ್ಕದ ಮಾಂಸಕ್ಕೆ ಹಿಡ್ಕೊಳ್ಳತ್ತೆ. ಎಷ್ಟು ಬೇಯಿಸಿದ್ರೂ ಅದು ಪೂರ್ತಿ ಹೋಗಲ್ಲ. ಈ ಕೆಂಪು ನೋಡಿ ಹೆದರಿ ನಾನು ಎಷ್ಟು ಭಾನುವಾರ ಎದೆ ಪೀಸುಗಳನ್ನ ಬಲಿ ಕೊಟ್ಟಿದೀನೋ.

ಹಂಗಂತ ಎಲ್ಲಾ ಕೆಂಪೂ ಓಕೆ ಅಂತಲ್ಲ. ಹಸಿ ಮಾಂಸ ಪಾರದರ್ಶಕ ಇರತ್ತೆ, ಜಾರತ್ತೆ, ಬೆರಳಲ್ಲಿ ಒತ್ತಿದ್ರೆ ಜೆಲ್ಲಿ ಥರ. ಬೆಂದಿರೋದು ಕೆಂಪಗಿದ್ರೂ ಮಂಕಾಗಿರತ್ತೆ, ಎಳೆ ಎಳೆ ಕಾಣತ್ತೆ.

ಮೂರ್ನೇ ವಾರ

ಇಲ್ಲಿ ನಿಜವಾದ ಕಳ್ಳ ಸಿಕ್ಕಿದ. ನಾನು ಯಾಕೆ ಮೂವತ್ತೈದು ನಿಮಿಷ ಕುದಿಸ್ತಿದ್ದೆ? ಅಮ್ಮ ಹೇಳ್ಕೊಟ್ಟಿದ್ದು, ಎಣ್ಣೆ ಮೇಲೆ ತೇಲಿ ಹಸಿ ವಾಸನೆ ಹೋಗೋವರ್ಗೂ ಇಳಿಸ್ಬೇಡ ಅಂತ. ಆದ್ರೆ ಎಣ್ಣೆ ತೇಲೋದು ಮಸಾಲೆ ಬೆಂದಿದೆ ಅನ್ನೋದಕ್ಕೆ ಗುರುತು, ಕೋಳಿ ಬೆಂದಿದೆ ಅನ್ನೋದಕ್ಕಲ್ಲ! ಮಸಾಲೆಗೋಸ್ಕರ ಕಾಯ್ತಾ ಕೋಳಿನ ಒಣಗಿಸ್ತಿದ್ದೆ.

ಅದಕ್ಕೇ ಈ ಸಲ ಕೋಳಿ ಇಲ್ದೇನೇ ಮಸಾಲೆ ಬೇಯಿಸ್ದೆ. ಕಾಯಿ ಹುರಿಗಡಲೆ ಬೇರೆ ರುಬ್ಬಿ ಎತ್ತಿಟ್ಟು, ಉಳಿದಿದ್ದನ್ನ ಎಣ್ಣೇಲಿ ಬಾಡಿಸಿ, ತಳ ಹಿಡಿಯೋ ಹಾಗಾದಾಗ ಒಂದೊಂದು ಸೌಟು ಬಿಸಿ ನೀರು ಹಾಕ್ತಾ ಹದಿನೈದು ನಿಮಿಷ, ಅಂಚಲ್ಲಿ ಎಣ್ಣೆ ಬಿಟ್ಕೊಳ್ಳೋವರ್ಗೂ. ಆಮೇಲೆ ಕಾಲು, ತೊಡೆ, ಬೆನ್ನಿನ ಪೀಸು ಮಾತ್ರ ಹಾಕಿ ಎರಡು ನಿಮಿಷ ತಿರುವಿ ಬಿಸಿ ನೀರು. ಕುದಿ ಬಂದ್ಮೇಲೆ ಸಿಮ್. ಹತ್ತು ನಿಮಿಷ ಆದ್ಮೇಲೆ ಎದೆ ಪೀಸು ಮತ್ತೆ ಕಾಯಿ ಮಸಾಲೆ, ತಿರ್ಗಾ ಕುದಿ ಬಂದ್ಮೇಲೆ ಇನ್ನೊಂದು ಹನ್ನೆರಡು ನಿಮಿಷ. ಕೊತ ಕೊತ ಕುದಿಸಿಲ್ಲ, ಮೇಲೆ ಅಲ್ಲೊಂದು ಇಲ್ಲೊಂದು ಗುಳ್ಳೆ ಬರೋ ಅಷ್ಟು ಉರಿ, ಮುಚ್ಚಳ ಅರ್ಧ.

ಆಫ್ ಮಾಡಿದಾಗ ಎದೆ 77, ಕಾಲು 88. ತಟ್ಟೆ ಅಂಚಲ್ಲಿ ಆವತ್ತು ಮೂಳೆ ಮಾತ್ರ ಇತ್ತು.

ಮೀಟರ್ ಇಲ್ದೆ ನೋಡೋದನ್ನೂ ಆವತ್ತೇ ತಾಳೆ ಹಾಕ್ದೆ, ಯಾಕಂದ್ರೆ ಊರಿಗೆ ಹೋಗಿ ಅಮ್ಮನ ಮುಂದೆ ಕೋಳಿಗೆ ಥರ್ಮಾಮೀಟರ್ ಚುಚ್ಚಿದ್ರೆ ಜ್ವರ ಬಂದಿದ್ಯಾ ಅದಕ್ಕೆ ಅಂತಾರೆ. ಪಾತ್ರೇಲಿರೋ ಅತಿ ದಪ್ಪ ಎದೆ ಪೀಸು ತಗೊಳ್ಳಿ, ಸಣ್ಣದು ಬೆಂದಿದ್ರೆ ಅದ್ರಿಂದ ಏನೂ ಗೊತ್ತಾಗಲ್ಲ. ತಟ್ಟೇಲಿಟ್ಟು ಒಂದ್ ಚಮಚ ಬಿಸಿ ನೀರಲ್ಲಿ ಮಸಾಲೆ ತೊಳ್ದು, ಎಳೆ ಹೋಗೋ ದಿಕ್ಕಲ್ಲೇ ಚಮಚದ ಅಂಚಿಂದ ಒತ್ತಿ. ಒತ್ತಿದ್ ಕಡೆ ಬಿಟ್ಕೊಂಡು ಒಳಗೆಲ್ಲಾ ಬೆಳ್ಳಗೆ, ಒದ್ದೆಯಾಗಿದ್ರೆ ಆಯ್ತು. ನಡುವೆ ಗಾಜಿನ ಗೆರೆ ಕಂಡ್ರೆ ಇನ್ನೆರಡು ನಿಮಿಷ. ಮುಟ್ಟಿದ್ರೆ ಪುಡಿ ಪುಡಿ ನೂಲಾದ್ರೆ ಲೇಟಾಯ್ತು ಅಂತ.

ಲೆಗ್ ಪೀಸಿಗೆ ಎಲ್ರೂ ಹೇಳೋದು ಮಾಂಸ ಮೇಲಕ್ಕೆ ಸರಿದು ಮೂಳೆ ತುದಿ ಕಂಡ್ರೆ ಬೆಂತು ಅಂತ. ಸ್ಕಿನ್ ತೆಗ್ದಿರೋ ಪೀಸಲ್ಲಿ ಅದು ಹದಿನೈದು ನಿಮಿಷಕ್ಕೇ ಸರಿದಿತ್ತು, ಒಳಗಿನ್ನೂ ರಬ್ಬರು. ಅದನ್ನೊಂದೇ ನಂಬ್ಬೇಡಿ. ಮೂಳೆ ತುದಿನ ಇಕ್ಕಳದಲ್ಲಿ ಹಿಡ್ದು ಮೆಲ್ಲಗೆ ತಿರುಗಿಸಿ. ಮಾಂಸಾನೂ ಜೊತೇಲೇ ತಿರುಗಿದ್ರೆ ಇನ್ನೂ ಬೇಕು, ಮೂಳೆ ಒಂದೇ ಮಾಂಸದೊಳಗೆ ಸ್ವಲ್ಪ ತಿರುಗಿದ್ರೆ ಆಯ್ತು. ಮಾಂಸ ತಾನೇ ಕಳಚಿ ಬಿದ್ರೆ ದಾಟೋಗಿದೆ. ಚುಚ್ಚಿದಾಗ ಬರೋ ನೀರು ತಿಳಿಯಾಗಿರ್ಬೇಕು ಅಂತಾರಲ್ಲ, ಅದನ್ನ ರೋಸ್ಟಲ್ಲೂ ಪೂರ್ತಿ ನಂಬೋಕಾಗಲ್ಲ. ಅರಿಶಿನ ಖಾರದ ಪುಡಿ ಸಾರಲ್ಲಿ ಬಿದ್ದಿರೋ ಪೀಸಿಂದ ಯಾವ್ ಬಣ್ಣದ ನೀರು ಬಂತು ಅಂತ ಹೇಳೋಕಾಗಲ್ಲ.

ನಾಲ್ಕ್ನೇ ವಾರ, ಎಡವಟ್ಟು

ಫ್ರೆಂಡ್ಸ್ ಬಂದ್ರು, ಎರಡು ಕೆಜಿ. ಅದೇ ಟೈಮಿಂಗ್, ಅದೇ ಕಾನ್ಫಿಡೆನ್ಸ್. ಫ್ರಿಜ್ಜಿಂದ ತೆಗ್ದ ತಣ್ಣನೆ ಕೋಳಿ ಅಷ್ಟೂ ಒಟ್ಟಿಗೆ ಬಿದ್ದು, ಸಾರು ಮತ್ತೆ ಕುದಿ ಬರೋಕೇ ಹದಿಮೂರು ನಿಮಿಷ ತಗೊಳ್ತು. ಮಾತಾಡ್ತಾ ಟೈಮರ್ ಅನ್ನ ಪೀಸ್ ಹಾಕಿದ ತಕ್ಷಣವೇ ಆನ್ ಮಾಡ್ಬಿಟ್ಟಿದ್ದೆ. ತೊಡೆ ಪೀಸ್ ಚೆಕ್ ಮಾಡಿದ್ರೆ 68. ಸರಿ ಅಂತ ಉರಿ ಜಾಸ್ತಿ ಮಾಡಿ ಬೇಯಿಸಿ, ಎಲ್ಲಾ ಸರಿ ಇದೆ ಅನ್ನಿಸ್ದಾಗ ಆಫ್ ಮಾಡಿ ಮುಚ್ಚಳ ಬಿಗಿಯಾಗಿ ಮುಚ್ಚಿಟ್ಟೆ. ಊಟಕ್ಕೆ ಕೂತಿದ್ದು ಮುಕ್ಕಾಲು ಗಂಟೆ ಆದ್ಮೇಲೆ. ಎರಡು ಕೆಜಿ ಸಾರು ದಪ್ಪ ತಳದ ದಬರೀಲಿ ಬೇಗ ಆರಲ್ಲ, ಸ್ಟವ್ ಇಲ್ದಿದ್ರೂ ಎದೆ ಪೀಸು ಬೇಯ್ತಾನೇ ಇತ್ತು. ಮತ್ತೆ ನಾರು.

ಆವತ್ತಿಂದ ಟೈಮರ್ ಕುದಿ ಬಂದ್ಮೇಲೇ. ಕೋಳಿ ಜಾಸ್ತಿ ಇದ್ರೆ ಎರಡು ಪಾತ್ರೆ. ಊಟ ಲೇಟು ಅಂತ ಗೊತ್ತಿದ್ರೆ ಎದೆ ಪೀಸು ಬೆಂದ ತಕ್ಷಣ ಡಬ್ಬಿಗೆ ತೆಗ್ದು ಫ್ರಿಜ್ಜಲ್ಲಿಟ್ಟು, ಬಡ್ಸೋ ಮುಂಚೆ ಕುದಿಯೋ ಸಾರಿಗೆ ಹಾಕಿ ಚೆನ್ನಾಗಿ ಬಿಸಿ ಮಾಡೋದು.

ಐದ್ನೇ ವಾರ

ಊರಿಗೆ ಹೋಗಿದ್ದೆ. ನನ್ ಸಂಶೋಧನೆ ಎಲ್ಲಾ ಅಮ್ಮಂಗೆ ಹೇಳ್ದೆ, ಅರ್ಧ ಗಂಟೆ. ಅಮ್ಮ ಸೊಪ್ಪು ಬಿಡಿಸ್ತಾ ಕೇಳಿಸ್ಕೊಂಡು, "ನಾನ್ ಹೇಳಿದ್ದು ನಾಟಿ ಕೋಳಿಗೆ ಕಣೋ, ನೀನ್ ಆ ಫಾರಂ ಕೋಳಿನ ಅಷ್ಟೊತ್ ಬೇಯ್ಸಿದ್ರೆ ಇನ್ನೇನಾಯ್ತದೆ" ಅಂದ್ರು. ಇಷ್ಟು ವರ್ಷ ಹೇಳ್ಬಾರ್ದಿತ್ತಾ!

ಮಧ್ಯಾಹ್ನ ನಾಟಿ ಹುಂಜ. ಸೌದೆ ಒಲೆ, ನಾನ್ ಬರೀ ಪ್ರೇಕ್ಷಕ. ಒಂದು ಗಂಟೆಗೆ ಮೂಳೆ ತಿರುಗಿಸಿ ನೋಡ್ದೆ, ಅಲ್ಲಾಡ್ಲಿಲ್ಲ. ವಯಸ್ಸಾದ, ಓಡಾಡ್ಕೊಂಡಿದ್ದ ಕೋಳಿ, ಎದೇನೂ ಗಟ್ಟಿ, ಅಲ್ಲಿ ಎದೆ ಬೇರೆ ಕಾಲು ಬೇರೆ ಅನ್ನೋ ಲೆಕ್ಕಾನೇ ಇಲ್ಲ. ಅಮ್ಮ ಏನೂ ಚುಚ್ಲಿಲ್ಲ, ತಿರುಗಿಸ್ಲಿಲ್ಲ. ಒಂದೂ ಇಪ್ಪತ್ತಕ್ಕೆ ಒಂದು ಪೀಸು ಸೌಟಲ್ಲಿ ಎತ್ತಿ ಪಾತ್ರೆ ಅಂಚಿಗೆ ಒತ್ತಿ ಹಿಡಿದ್ರು, ಮಾಂಸ ಮೂಳೆಯಿಂದ ಅರ್ಧ ಇಂಚು ಬಿಟ್ಕೊಳ್ತು, "ಆಯ್ತು, ಮುದ್ದೆಗೆ ಎಸ್ರಿಡು" ಅಂದ್ರು.

ಮುಂದಿನ ವಾರ ಬರೀ ತೊಡೆ ಕಾಲು ತರ್ತೀನಿ, ಎದೆನೇ ಇಲ್ದೆ.