ಟೆನ್ಷನ್ ಇಲ್ಲ ಸರ್

ಈ ವಾರ ನಮ್ಮ ಅಕೌಂಟ್ಸ್ ವಿಭಾಗಕ್ಕೆ ಇಂಟರ್ವ್ಯೂ ನಡೆಯಿತು. ಪ್ಯಾನಲ್‌ನಲ್ಲಿ ನಾನೂ ಇದ್ದೆ. ಬಂದವರಲ್ಲಿ ಒಬ್ಬ ಹುಡುಗನಿಗೆ ಉಗ್ಗು ಇತ್ತು. ಬ್ಯಾಂಕಿನ ಲೆಕ್ಕಕ್ಕೂ ನಮ್ಮ ಪುಸ್ತಕಕ್ಕೂ ತಾಳೆಯಾಗದಿದ್ದರೆ ಏನು ಮಾಡುತ್ತೀರಿ ಅಂತ ಕೇಳಿದೆವು. ಅವನು "ರಿ..." ಅಂದು ನಿಂತ. ತುಟಿ ಬಿಗಿಯಿತು, ದನಿ ಹೊರಡಲಿಲ್ಲ.

ನಮ್ಮ ಹಿರಿಯರಿಗೆ ತಡೆಯಲಾಗಲಿಲ್ಲ. "ರಿಕವರಿನಾ?" ಅಂದರು. ಅವನು ಅಲ್ಲ ಅಂತ ತಲೆಯಾಡಿಸಿದ. "ಆರಾಮಾಗಿ ಹೇಳಿ, ಟೆನ್ಷನ್ ಮಾಡ್ಕೋಬೇಡಿ" ಅಂದರು. "ಟೆನ್ಷನ್ ಇಲ್ಲ ಸರ್, ನಾನು ಮಾತಾಡೋದೇ ಹೀಗೆ" ಅಂದ. ಈ ಮಾತು ಮಾತ್ರ ಹೆಚ್ಚು ತಡವರಿಸದೆ ಬಂತು!

ಹಿರಿಯರು ಒಳ್ಳೆಯವರೇ. ಆದರೆ ಮೌನ ಕಂಡರೆ ಅವರಿಗೆ ಕೈಕಾಲು ಆಡುವುದಿಲ್ಲ. ಉಗ್ಗುವವರ ವಾಕ್ಯವನ್ನು ನಾವು ಪೂರ್ತಿ ಮಾಡಲು ಹೋದರೆ ಎರಡು ಕೆಲಸ ಕೆಡುತ್ತವೆ. ಊಹೆ ತಪ್ಪಾದರೆ ಅವರು ಮೊದಲು ನಮ್ಮನ್ನು ತಿದ್ದಬೇಕು, ಆಮೇಲೆ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಊಹೆ ಸರಿಯಾದರೂ ಆ ಉತ್ತರ ಯಾರದ್ದು ಅಂತ ನಂಬರ್ ಹಾಕೋದು? ಸುಮ್ನೆ ಅವರ ಮುಖ ನೋಡುತ್ತಾ ಕಾಯಬೇಕು, ಅಷ್ಟೇ.

ಆಮೇಲೆ ಅವನು ಆ ಪದವನ್ನೇ ಬಿಟ್ಟು, "ಎರಡೂ ಪುಸ್ತಕ ಪಕ್ಕಪಕ್ಕ ಇಟ್ಟು ನೋಡ್ತೀನಿ" ಅಂದ. ಹಿರಿಯರು ತಮ್ಮ ಹಾಳೆಯಲ್ಲಿ "ಬೇಸಿಕ್ ಪದವೇ ಗೊತ್ತಿಲ್ಲ" ಅಂತ ಬರೆದುಕೊಂಡರು. ಉಗ್ಗುವವರಲ್ಲಿ ಎಷ್ಟೋ ಜನ ಕಷ್ಟದ ಪದ ಬಂದಾಗ ಹೀಗೇ ಸುತ್ತಿ ಬಳಸಿ ಹೋಗುತ್ತಾರೆ. ಕೇಳುವವರಿಗೆ ಅದು ಅರೆಬರೆ ಜ್ಞಾನದಂತೆ ಕಾಣುತ್ತದೆ. ಹೆಸರಿಗೆ ಮಾತ್ರ ಬದಲಿ ಪದ ಇಲ್ಲ. ಅದಕ್ಕೇ ಎಷ್ಟೋ ಜನರಿಗೆ ಸ್ವಂತ ಹೆಸರು ಹೇಳುವುದೇ ಎಲ್ಲಕ್ಕಿಂತ ಕಷ್ಟ. ನಾವೋ, ಇಂಟರ್ವ್ಯೂ ಶುರು ಮಾಡುವುದೇ "ನಿಮ್ಮ ಪರಿಚಯ ಹೇಳಿ" ಅಂತ!

ಪುಣ್ಯಕ್ಕೆ ಕರೆಪತ್ರದಲ್ಲಿ "ಇಂಟರ್ವ್ಯೂಗೆ ನಿಮಗೇನಾದರೂ ಅನುಕೂಲ ಬೇಕೇ?" ಅಂತ ಎಲ್ಲರಿಗೂ ಕೇಳಿದ್ದೆವು. ಫೋನ್ ಸುತ್ತು ಬೇಡ, ಬರೆದು ಕೊಡುತ್ತೇನೆ. ಸ್ವಲ್ಪ ಜಾಸ್ತಿ ಸಮಯ ಬೇಕು. ಕೈಗೆ ಕಾಗದ ಪೆನ್ನು ಇರಲಿ ಅಂತ ಅವನು ಉತ್ತರಿಸಿದ್ದ. ಉಳಿದವರಿಗೆ 45 ನಿಮಿಷ, ಅವನಿಗೆ 70 ಇಟ್ಟೆವು. ಪ್ರಶ್ನೆಗಳು ಅವೇ. ಕಾಗದ ಮುಂದಿಟ್ಟು ಲೆಕ್ಕ ಕೊಟ್ಟೆವು: ಬ್ಯಾಂಕಿನ ಪ್ರಕಾರ ಬಾಕಿ 91,700, ನಮ್ಮ ಪುಸ್ತಕದಲ್ಲಿ 84,200. ಜೊತೆಗೆ ಎರಡೂ ಕಡೆಯ ವಿವರಗಳ ಹಾಳೆ.

ಅವನು ಮೊದಲು ಬರೆದದ್ದು ತಲೆಬರಹ: ಬ್ಯಾಂಕ್ ರಿಕನ್ಸಿಲಿಯೇಷನ್. ನಾವು ಕೊಟ್ಟ 9,000ದ ಚೆಕ್ ಇನ್ನೂ ಬ್ಯಾಂಕಿಗೆ ಹೋಗಿಲ್ಲ, ಅದನ್ನು ಕಳೆದ. ನಾವು ಕಟ್ಟಿದ 1,000 ಬ್ಯಾಂಕಿನಲ್ಲಿ ಇನ್ನೂ ಜಮೆಯಾಗಿಲ್ಲ, ಅದನ್ನು ಕೂಡಿದ. 83,700 ಬಂತು. ಈ ಕಡೆ ನಮ್ಮ ಪುಸ್ತಕಕ್ಕೆ ಬಾರದ ಬ್ಯಾಂಕ್ ಚಾರ್ಜ್ 500 ಕಳೆದ. ಅಲ್ಲೂ 83,700. ಹಿರಿಯರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಬರೆದದ್ದನ್ನು ಹೊಡೆದುಹಾಕಿದರು.

ಆದರೂ "ಕಮ್ಯುನಿಕೇಷನ್" ಕಾಲಂಗೆ 5ಕ್ಕೆ 2 ಕೊಟ್ಟರು. "ಎಲ್ಲರಿಗೂ ಒಂದೇ ಅಳತೆ ಇರಬೇಕಲ್ವಾ?" ಅಂದರು. ಬೇಕು, ಆದರೆ ಯಾವುದರ ಅಳತೆ? ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ 2006ರ ಒಡಂಬಡಿಕೆ, ಕೊಡಬಹುದಾದ ಹೊಂದಾಣಿಕೆಯನ್ನು ನಿರಾಕರಿಸುವುದನ್ನೇ ತಾರತಮ್ಯ ಅನ್ನುತ್ತದೆ. ಸಮಯ ಜಾಸ್ತಿ ಕೊಟ್ಟು, ಅದೇ ನಿಧಾನಕ್ಕೆ ಅಂಕ ಕಳೆದರೆ ಕೊಟ್ಟದ್ದನ್ನು ವಾಪಸ್ ಕಿತ್ತುಕೊಂಡ ಹಾಗೆ.

ಈ ಹುದ್ದೆಯವರು ನಿಜವಾಗಿ ಏನು ಮಾಡಬೇಕು ಅಂತ ಕೂತು ನೋಡಿದೆವು. ವ್ಯತ್ಯಾಸ ಎಲ್ಲಿ ಬಂತು ಅಂತ ಬೇರೆ ವಿಭಾಗದವರಿಗೆ ಅರ್ಥವಾಗುವಂತೆ ತಿಳಿಸಬೇಕು, ಹೆಚ್ಚಾಗಿ ಮೇಲ್‌ನಲ್ಲಿ. ನಿರರ್ಗಳ ಮಾತು ಎಲ್ಲೂ ಬರಲಿಲ್ಲ. ತುರ್ತು ಕರೆ ತೆಗೆದುಕೊಳ್ಳುವ ಕೆಲಸವಾಗಿದ್ದರೆ ಮಾತಿನ ವೇಗ ಲೆಕ್ಕಕ್ಕೆ ಬರುತ್ತಿತ್ತೇನೋ. ಆಗಲೂ ಹೇಗೆ ನಿಭಾಯಿಸುತ್ತೀರಿ ಅಂತ ಅವರನ್ನೇ ಕೇಳಬೇಕಿತ್ತು. ಕಾಲಂನ ಹೆಸರನ್ನು "ವಿವರಣೆಯ ಸ್ಪಷ್ಟತೆ" ಅಂತ ಬದಲಿಸಿ, ನಮ್ಮ ಟಿಪ್ಪಣಿ ನೋಡಿಕೊಂಡು ಎಲ್ಲರಿಗೂ ಮತ್ತೆ ಅಂಕ ಹಾಕಿದೆವು. ಒಬ್ಬನಿಗೆ ಮಾತ್ರ ಬದಲಿಸಿದ್ದರೆ ಅದೂ ಅನ್ಯಾಯವೇ. ಪಟಪಟ ಮಾತಾಡಿದ ಇಬ್ಬರು ಕೆಳಗಿಳಿದರು.

ಅವನು ಎರಡನೆಯವನಾದ. ಮೊದಲು ಬಂದ ಹೆಣ್ಣುಮಗಳಿಗೆ ಆಡಿಟ್ ಅನುಭವ ಜಾಸ್ತಿ, ಕೆಲಸ ಅವರಿಗೇ ಆಯಿತು. "ಅಷ್ಟೆಲ್ಲ ಮಾಡಿ ಅವನಿಗೇ ಕೊಡಲಿಲ್ವಲ್ರೀ" ಅಂತ ಹಿರಿಯರು ಇನ್ನೂ ಗೊಣಗುತ್ತಿದ್ದಾರೆ.