ಕೆರೆಯಿಂದ ಗುಡ್ಡದ ಟ್ಯಾಂಕಿಗೆ, ಭಾಗ 4: ಎರಡು ಗೆರೆ, ಒಬ್ಬ ಕಳ್ಳ

ಕೊನೆಗೂ ಕಳ್ಳ ಸಿಕ್ಕಿದ. ಮೂರು ಭಾನುವಾರ ಅವನ ಹಿಂದೆ ಓಡಾಡಿದ್ದೇನೆ. ಸಿಕ್ಕಿದ್ದು ನಾನೇ ಕೈಯಾರೆ ಕೂರಿಸಿದ ಜಾಗದಲ್ಲಿ.

ಪೈಪ್ ಎಳೆದದ್ದು, ಪ್ರೈಮಿಂಗ್ ಮಾಡುವಾಗ ಕೆಸರಲ್ಲಿ ಕೂತದ್ದು ಎಲ್ಲ ನಿಮಗೂ ಆಗಿರುವಂಥದ್ದೇ, ಬಿಡಿ. ಲೆಕ್ಕಕ್ಕೆ ಬೇಕಾದಷ್ಟು ಹೇಳುತ್ತೇನೆ. ಕೆರೆಯ ನೀರಿನ ಮಟ್ಟದಿಂದ ಟ್ಯಾಂಕಿನ ಬಾಯಿಗೆ 18 ಮೀಟರ್ ಎತ್ತರ. 32 ಎಂಎಂ ಕಪ್ಪು ಪೈಪು, ಒಳಗಿನ ಅಳತೆ 27 ಎಂಎಂ, ಉದ್ದ 120 ಮೀಟರ್. ಸಣ್ಣ ಸಿಂಗಲ್ ಫೇಸ್ ಮಾನೋಬ್ಲಾಕ್ ಪಂಪು. ಮೇಲೆ ಸಾವಿರ ಲೀಟರಿನ ಟ್ಯಾಂಕು.

ಅಂಗಡಿಯವನು ಹೇಳಿದ್ದು ಹೀಗೆ: "ಸಾರ್, 30 ಮೀಟರ್ ಎತ್ತುತ್ತೆ, ನಿಮಿಷಕ್ಕೆ 90 ಲೀಟರ್ ಕೊಡುತ್ತೆ." ಎರಡೂ ನಿಜ. ಒಟ್ಟಿಗೆ ಮಾತ್ರ ನಿಜವಲ್ಲ. 30 ಮೀಟರ್ ಎತ್ತುವಾಗ ಒಂದು ಹನಿಯೂ ಬರುವುದಿಲ್ಲ. 90 ಲೀಟರ್ ಬರಬೇಕಾದರೆ ತಲೆ ಮೇಲಿನ ಭಾರ ಬರೀ 6 ಮೀಟರ್ ಇರಬೇಕು. ಕ್ಯಾಟಲಾಗಿನ ಪುಟ ಕೇಳಿದ್ದಕ್ಕೆ "ಅದೆಲ್ಲ ಯಾಕೆ ಸಾರ್, ತಗೊಂಡೋಗಿ ಹಾಕಿ" ಅಂದ. ಪುಟ ಸಿಗಲು ಎರಡು ಸಲ ಪೇಟೆಗೆ ಹೋಗಬೇಕಾಯಿತು. ಕೊನೆಗೆ ಕೊಟ್ಟಿದ್ದು ಚಹಾ ಲೋಟದ ಗುರುತು ಬಿದ್ದ ಜೆರಾಕ್ಸ್.

ಅದರಲ್ಲಿದ್ದ ಅಂಕಿಗಳನ್ನು ಗ್ರಾಫ್ ಹಾಳೆಗೆ ಇಳಿಸಿದೆ. ಅಡ್ಡಕ್ಕೆ ನಿಮಿಷಕ್ಕೆ ಎಷ್ಟು ಲೀಟರ್, ನೆಟ್ಟಗೆ ಎಷ್ಟು ಮೀಟರ್ ಹೆಡ್. ಪಂಪಿನ ಗೆರೆ ಎಡಗಡೆ 30ರಲ್ಲಿ ಶುರುವಾಗಿ ಬಾಗುತ್ತಾ ಇಳಿಯುತ್ತದೆ: 20 ಲೀಟರಿಗೆ 29 ಮೀಟರ್, 40ಕ್ಕೆ 25, 60ಕ್ಕೆ 19, 90ಕ್ಕೆ 6. ಆಮೇಲೆ ಪೈಪಿನ ಗೆರೆ. ಅದನ್ನು ಯಾವ ಅಂಗಡಿಯವನೂ ಕೊಡುವುದಿಲ್ಲ, ನಮ್ಮ ಗುಡ್ಡ ನಮ್ಮದೇ ಅಲ್ವಾ. ಹೇಜನ್-ವಿಲಿಯಮ್ಸ್ ಸೂತ್ರಕ್ಕೆ ಸಿ 150 ಹಾಕಿದರೆ ಈ ಪೈಪಿನಲ್ಲಿ ನಿಮಿಷಕ್ಕೆ 60 ಲೀಟರ್ ಹರಿಯುವಾಗ ಉಜ್ಜಾಟಕ್ಕೆ ಹೋಗುವುದು 14.5 ಮೀಟರ್. ಅಷ್ಟು ಗೊತ್ತಾದರೆ ಉಳಿದದ್ದು ಇದರಿಂದಲೇ ಬರುತ್ತದೆ:

```
H = 18 + 14.5 × (Q/60)^1.852
```

ನೀರು ಹರಿಯದಿದ್ದರೂ 18 ಮೀಟರ್ ಇದ್ದೇ ಇದೆ. ಅಲ್ಲಿಂದ ಗೆರೆ ಮೇಲಕ್ಕೇರುತ್ತದೆ. 20 ಲೀಟರಿಗೆ 20 ಮೀಟರ್, 40ಕ್ಕೆ 25, 60ಕ್ಕೆ 32 ದಾಟುತ್ತದೆ. ಇಳಿಯುವ ಗೆರೆಯೂ ಏರುವ ಗೆರೆಯೂ ಕೂಡುವುದು 40 ಲೀಟರ್, 25 ಮೀಟರ್ ಹತ್ತಿರ. ಪಂಪು ಬೇರೆಲ್ಲೂ ನಿಲ್ಲಲಾರದು. ಅದಕ್ಕಿಂತ ಜಾಸ್ತಿ ಹರಿಸಲು ಹೋದರೆ ಪೈಪು ಕೇಳುವಷ್ಟು ಹೆಡ್ ಪಂಪಿನಲ್ಲಿ ಇಲ್ಲ, ಹರಿವು ತಾನಾಗಿ ಇಳಿಯುತ್ತದೆ. ಕಮ್ಮಿ ಹರಿದರೆ ಪಂಪಿನಲ್ಲಿ ಹೆಡ್ ಮಿಗುತ್ತದೆ, ಹರಿವು ಏರುತ್ತದೆ. ಅಂದರೆ ಟ್ಯಾಂಕು 25 ನಿಮಿಷಕ್ಕೆ ತುಂಬಬೇಕು.

ತುಂಬಿದ್ದು 36 ನಿಮಿಷಕ್ಕೆ. ನಿಮಿಷಕ್ಕೆ 28 ಲೀಟರ್.

ಮೊದಲ ಭಾನುವಾರ ಕರೆಂಟನ್ನು ಬೈದೆ. ವೋಲ್ಟೇಜ್ ನೋಡಿದರೆ 218, ಪಾಪ ಅದರ ತಪ್ಪೇನೂ ಇಲ್ಲ. ಎರಡನೆಯ ಭಾನುವಾರ ಕೆರೆಗಿಳಿದು ಫುಟ್ ವಾಲ್ವ್ ತೊಳೆದೆ. ಒಂದು ಏಡಿ ಸಿಕ್ಕಿತು, ಹರಿವು ಹಾಗೇ ಇತ್ತು. ಭಾವ "ಪಂಪೇ ಡೂಪ್ಲಿಕೇಟ್, ವಾಪಸ್ ಕೊಡು" ಅಂದರು. ನನಗೂ ಹಾಗೇ ಅನಿಸಿತ್ತು. ಬಿಚ್ಚಿ ಗೋಣಿಚೀಲಕ್ಕೆ ಹಾಕುವುದೊಂದೇ ಬಾಕಿ.

ಆಗ ಹೊಳೆದದ್ದು ಇಷ್ಟು. 40ರ ಬದಲು 28 ಬಂದಿದೆ ಎಂದರೆ ಎರಡರಲ್ಲಿ ಒಂದು ಗೆರೆ ಸುಳ್ಳು. ಯಾವುದು ಅಂತ ಹರಿವನ್ನು ಮಾತ್ರ ಅಳೆದರೆ ತಿಳಿಯದು. ಅದೇ ಹೊತ್ತಿಗೆ ಪಂಪಿನ ಒತ್ತಡವೂ ಗೊತ್ತಾಗಬೇಕು. 28 ಲೀಟರಿಗೆ ಪಂಪಿನ ಗೆರೆ ಹೇಳುವುದು 27.7 ಮೀಟರ್. ಪೈಪಿನ ಗೆರೆ ಹೇಳುವುದು 21.5. ನಿಜವಾದ ಹೆಡ್ 21ರ ಆಸುಪಾಸು ಬಂದರೆ ಪೈಪಿನ ಲೆಕ್ಕ ಸರಿ, ಪಂಪು ಸೋತಿದೆ. 27ರ ಮೇಲೆ ಬಂದರೆ ಪಂಪು ಹೇಳಿದಷ್ಟು ಕೆಲಸ ಮಾಡುತ್ತಿದೆ, ಮುಂದೆ ಎಲ್ಲೋ ಯಾರೋ ತಡೆಯುತ್ತಿದ್ದಾರೆ.

ಮೂರನೆಯ ಭಾನುವಾರ ಡೆಲಿವರಿಗೆ ಒಂದು ಟೀ ಹಾಕಿ ಪ್ರೆಶರ್ ಗೇಜ್ ಕೂರಿಸಿದೆ. ಮುಳ್ಳು ನಡುಗುತ್ತಾ 2.5 ಕೆಜಿಯಲ್ಲಿ ನಿಂತಿತು. ಅಂದರೆ 25 ಮೀಟರ್. ಇಲ್ಲಿ ಎಡವಬೇಡಿ, ನಾನು ಎಡವಿದೆ. ಗೇಜ್ ತೋರಿಸುವುದು ಪಂಪಿನಿಂದ ಮುಂದಿನದನ್ನು ಮಾತ್ರ. ನನ್ನ ಪಂಪು ಕೆರೆ ನೀರಿಗಿಂತ 2 ಮೀಟರ್ ಮೇಲಿದೆ, ಅಷ್ಟನ್ನು ಎಳೆದುಕೊಂಡದ್ದೂ ಪಂಪೇ. ಅದನ್ನೂ ಸಕ್ಷನ್ ಪೈಪಿನ ಉಜ್ಜಾಟಕ್ಕೆ ಅರ್ಧ ಮೀಟರನ್ನೂ ಕೂಡಿಸಿದರೆ 27.5. ಚುಕ್ಕೆ ನೇರ ಪಂಪಿನ ಗೆರೆಯ ಮೇಲೆ ಬಿತ್ತು! ಭಾವನಿಗೆ ತೋರಿಸಿದೆ. ಅವರು ಕನ್ನಡಕ ಹುಡುಕತೊಡಗಿದರು.

ಗೇಜ್ ಕಮ್ಮಿ ತೋರಿಸಿದ್ದರೆ ಮಾತ್ರ ತಲೆನೋವು ಜಾಸ್ತಿ. ಸಕ್ಷನ್ ಕಡೆ ಕಟ್ಟಿಕೊಂಡಿದ್ದರೂ ಡೆಲಿವರಿ ಗೇಜ್ ಕೆಳಗೇ ಇರುತ್ತದೆ, ಪಂಪು ಸವೆದಿದ್ದರೂ ಕೆಳಗೇ. ಬೇರೆ ಮಾಡಿ ನೋಡಲು ಸಕ್ಷನ್‌ಗೆ ವ್ಯಾಕ್ಯೂಮ್ ಗೇಜ್ ಬೇಕಾಗುತ್ತದೆ.

ಈಗ ಪಂಪಿನ ಮುಂದೆ 6 ಮೀಟರ್ ಯಾರು ನುಂಗುತ್ತಿದ್ದಾರೆ ಎಂದು ಹುಡುಕಿಕೊಂಡು ಗುಡ್ಡ ಹತ್ತಿದೆ. ಜಾಯಿಂಟ್ ನೋಡಿದೆ, ಬೆಂಡ್ ನೋಡಿದೆ. ಟ್ಯಾಂಕಿನ ಮುಚ್ಚಳ ತೆಗೆದಾಗ ನಗು ಬಂತು. ಉಕ್ಕಿ ಹರಿಯದಿರಲಿ ಎಂದು ನಾನೇ ಹಾಕಿದ ಅರ್ಧ ಇಂಚಿನ ಬಾಲ್ ಕಾಕ್. ಲೆಕ್ಕದಲ್ಲಿ ಅದನ್ನು "ಒಂದು ಮೀಟರ್ ಪೈಪಿಗೆ ಸಮ, ಬಿಡು" ಅಂತ ತಳ್ಳಿಹಾಕಿದ್ದೆ. ಬಿಚ್ಚಿ ನೋಡಿದರೆ ಒಳಗಿನ ತೂತು 9.5 ಎಂಎಂ. ಪೆನ್ಸಿಲ್ ಹೋಗುತ್ತದೆ, ಕಿರುಬೆರಳು ಹೋಗುವುದಿಲ್ಲ. ನಿಮಿಷಕ್ಕೆ 28 ಲೀಟರ್ ಆ ತೂತಿನಲ್ಲಿ ನುಗ್ಗಲು ಸೆಕೆಂಡಿಗೆ ಆರೂವರೆ ಮೀಟರ್ ವೇಗ ಬೇಕು. ದಾಟಿದ ಮೇಲೆ ಧಾರೆ ಇನ್ನೂ ಸಪೂರ ಆಗುವುದನ್ನೂ ಸೇರಿಸಿದರೆ ನಷ್ಟ 6 ಮೀಟರಿಗೆ ಹತ್ತಿರವೇ ಬರುತ್ತದೆ. ಅಷ್ಟೂ ಅಲ್ಲೇ ಕೂತಿತ್ತು.

ಸಾಲದ್ದಕ್ಕೆ, ಟ್ಯಾಂಕ್ ತುಂಬಿ ಬಾಲ್ ಕಾಕ್ ಮುಚ್ಚಿದಾಗ ಪಂಪು ಮುಚ್ಚಿದ ಬಾಗಿಲಿಗೆ ತಲೆ ಚಚ್ಚಿಕೊಳ್ಳುತ್ತಾ ಅದೇ ನೀರನ್ನು ಕಾಯಿಸುತ್ತಿತ್ತು. ತೆಗೆದು ಬಿಸಾಡಿ ಫ್ಲೋಟ್ ಸ್ವಿಚ್ ಹಾಕಿದೆ. ಗೇಜ್ 2.2ಕ್ಕೂ 2.3ಕ್ಕೂ ನಡುವೆ ಇಳಿಯಿತು, ಟ್ಯಾಂಕು 25 ನಿಮಿಷ 40 ಸೆಕೆಂಡಿಗೆ ತುಂಬಿತು. ನಿಮಿಷಕ್ಕೆ 39 ಲೀಟರ್.

"ಪೈಪ್ 40 ಎಂಎಂ ಹಾಕಿದ್ದರೆ?" ಅಂತ ಭಾವ ಕೇಳಿದರು. ಗೆರೆ ಎಳೆದು ನೋಡಿದೆ. ಒಳ ಅಳತೆ 34 ಎಂದುಕೊಂಡರೆ ಉಜ್ಜಾಟ ಮೂರನೇ ಒಂದು ಭಾಗಕ್ಕೆ ಇಳಿದು ಹರಿವು 53ಕ್ಕೆ ಏರುತ್ತದೆ. ಬರೀ 13 ಲೀಟರ್ ಲಾಭ, ಏಕೆಂದರೆ 18 ಮೀಟರ್ ಗುಡ್ಡ ಯಾವ ಪೈಪಿಗೂ ಕರಗುವುದಿಲ್ಲ. ಅಷ್ಟಕ್ಕೆ 120 ಮೀಟರ್ ಪೈಪ್ ಬದಲಿಸುವ ಮನಸ್ಸು ನನಗಿಲ್ಲ.

ಗುಡ್ಡದ ಮಾತು ಬಂದಾಗಲೇ ಸೋಲಾರ್ ಪಂಪಿನ ಕಡೆ ಮನಸ್ಸು ಓಡಿತು. ಅಲ್ಲಿ ಬಿಸಿಲಿನ ಜೊತೆ ವೇಗ ಬದಲಾಗುತ್ತದೆ, ಇಡೀ ಪಂಪಿನ ಗೆರೆಯೇ ದಿನವಿಡೀ ಮೇಲೆ ಕೆಳಗೆ ಆಡುತ್ತದೆ. ಹೆಡ್ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಇಂಥದೇ 30 ಮೀಟರಿನ ಪಂಪು 18 ಮೀಟರ್ ತಲುಪಲೇ ಪೂರ್ತಿ ವೇಗದ ಶೇಕಡಾ 77ರಷ್ಟು ತಿರುಗಬೇಕು. ಅದಕ್ಕಿಂತ ಕಮ್ಮಿ ಬಿಸಿಲಿದ್ದರೆ ಪಂಪು ಗುಂಯ್ ಅನ್ನುತ್ತದೆ, ಮೇಲೆ ಹನಿಯೂ ಬೀಳದು. ಬೆಳಗ್ಗೆ ಎಷ್ಟು ಗಂಟೆಗೆ ಮೊದಲ ಹನಿ ಬೀಳುತ್ತದೆ ಎಂದು ಮೊದಲು ಹಾಳೆಯ ಮೇಲೆ ಕಂಡುಹಿಡಿಯಬೇಕು. ಹಳೆಯ ಎರಡು ಪ್ಯಾನೆಲ್ ಕೊಟ್ಟಿಗೆಯಲ್ಲಿವೆ. ಸದ್ಯ ಅವುಗಳ ಮೇಲೆ ಕೋಳಿಗಳು ಮಲಗುತ್ತಿವೆ.